ಕಸದ ಲೆಕ್ಕ: ತಲೆಗೆಷ್ಟು, ವಾರ್ಡಿಗೆಷ್ಟು?

ಬಸವನ ಬಾಗೇವಾಡಿ ಪಟ್ಟಣದಲ್ಲಿ ದಿನಕ್ಕೆ ಎಷ್ಟು ಕಸ ಹುಟ್ಟುತ್ತದೆ? ಕುಳಿತಲ್ಲೇ ಒಂದು ಉತ್ತರ ಕೊಡಬಹುದು. 2001ರ ಜನಗಣತಿಯಲ್ಲಿ ಪಟ್ಟಣದ ಜನಸಂಖ್ಯೆ ಸುಮಾರು 28,500 ಇತ್ತು. 2011ರಲ್ಲಿ ಅದು ಸುಮಾರು 33,200 ಆಯಿತು. 2021ರಲ್ಲಿ ಆಗಬೇಕಿದ್ದ ಗಣತಿ ಮುಂದೆ ಹೋದದ್ದರಿಂದ ಈಗಿನ ಅಂಕಿಯನ್ನು ನಾವೇ ಅಂದಾಜು ಮಾಡಿಕೊಳ್ಳಬೇಕು. ಆ ಹತ್ತು ವರ್ಷ ಬೆಳೆದ ವೇಗದಲ್ಲೇ ಊರು ಮುಂದೆಯೂ ಬೆಳೆದಿದೆ ಎಂದು ಹಿಡಿದು, 2026ಕ್ಕೆ ಎಕ್ಸೆಲ್‌ನ ಒಂದು ಕೋಶದಲ್ಲಿ ಹೀಗೆ ಬರೆಯಬಹುದು:

```
=ROUND(33200*(33200/28500)^(15/10),-2)
```

ಉತ್ತರ 41,700. (ಇಲ್ಲಿ ಪಟ್ಟಣದ ಅಂಕಿಯನ್ನೇ ತೆಗೆದುಕೊಳ್ಳಬೇಕು, ತಾಲೂಕಿನದನ್ನಲ್ಲ. ಕೊಲ್ಹಾರ, ನಿಡಗುಂದಿ ಬೇರೆ ತಾಲೂಕಾದ ಮೇಲೆ ಹಳೆಯ ತಾಲೂಕಿನ ಅಂಕಿಗಳಿಂದ ಗೊಂದಲವೇ ಹೆಚ್ಚು.) ಇನ್ನು ತಲೆಗೆ ಎಷ್ಟು ಕಸ ಎಂಬುದು. 2014ರಲ್ಲಿ ಕೆ. ಕಸ್ತೂರಿರಂಗನ್ ಅಧ್ಯಕ್ಷತೆಯ ಕಾರ್ಯಪಡೆ ಯೋಜನಾ ಆಯೋಗಕ್ಕೆ ಕೊಟ್ಟ ವರದಿಯಲ್ಲಿ, ಎರಡು ಲಕ್ಷಕ್ಕಿಂತ ಕಡಿಮೆ ಜನರಿರುವ ಊರುಗಳಲ್ಲಿ ಒಬ್ಬರಿಗೆ ದಿನಕ್ಕೆ 200ರಿಂದ 300 ಗ್ರಾಂ ಎಂದಿದೆ. ಗುಣಿಸಿದರೆ ಬಾಗೇವಾಡಿಯಲ್ಲಿ ದಿನಕ್ಕೆ 8.3ರಿಂದ 12.5 ಟನ್.

ಈ ಎರಡು ಅಂಕಿಗಳ ನಡುವೆ ನಾಲ್ಕು ಟನ್ ಅಂತರವಿದೆ. ಒಂದು ಟಾಟಾ ಏಸ್ ಟಿಪ್ಪರ್ ಒಂದು ಟ್ರಿಪ್ಪಿಗೆ 600 ಕೆಜಿ ಒಯ್ಯುತ್ತದೆ ಎಂದುಕೊಂಡರೆ, ಅದು ದಿನಕ್ಕೆ ಏಳು ಟ್ರಿಪ್ಪಿನ ವ್ಯತ್ಯಾಸ. ಎಷ್ಟು ಗಾಡಿ ಬೇಕು, ಎಷ್ಟು ಪೌರಕಾರ್ಮಿಕರು ಬೇಕು, ಗೊಬ್ಬರದ ಗುಂಡಿ ಎಷ್ಟು ದೊಡ್ಡದಿರಬೇಕು ಎಂದು ತೀರ್ಮಾನಿಸಲು ಇಷ್ಟು ಸಡಿಲ ಅಂಕಿ ಸಾಲದು. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಪುರಸಭೆಯ 23 ವಾರ್ಡುಗಳಲ್ಲಿ ಯಾವುದರಲ್ಲಿ ಎಷ್ಟು ಕಸ ಎಂಬುದನ್ನು ಈ ಗುಣಾಕಾರ ಹೇಳುವುದೇ ಇಲ್ಲ. ಹಳೆ ಊರಿನ ಓಣಿಗೂ ಬಸ್‌ನಿಲ್ದಾಣದ ಸುತ್ತಲಿನ ಪೇಟೆಗೂ ಒಂದೇ ಅಳತೆ ಹಾಕಿಬಿಡುತ್ತದೆ.

ಆಗ ಹೆಚ್ಚಿನವರು ಹಿಡಿಯುವ ದಾರಿ ಒಂದೇ. ವಿಲೇವಾರಿ ಘಟಕಕ್ಕೆ ಬಂದ ಗಾಡಿಗಳ ತೂಕವನ್ನು ಕೂಡಿಸಿ, ಜನಸಂಖ್ಯೆಯಿಂದ ಭಾಗಿಸುವುದು. ಆ ಭಾಗಾಕಾರ ತಪ್ಪು ದಾರಿಗೆ ಒಯ್ಯುತ್ತದೆ. ಘಟಕಕ್ಕೆ ಬಂದದ್ದು ಎತ್ತಿದ ಕಸ, ಹುಟ್ಟಿದ ಕಸ ಅದಕ್ಕಿಂತ ಬೇರೆ. ಮನೆಯಿಂದ ಹೊರಬಿದ್ದದ್ದರಲ್ಲಿ ಒಂದಿಷ್ಟು ತಿಪ್ಪೆಗೆ, ಒಂದಿಷ್ಟು ಹಳ್ಳಕ್ಕೆ, ಒಂದಿಷ್ಟು ಬೆಂಕಿಗೆ, ರಟ್ಟು–ಬಾಟಲಿ ಗುಜರಿಗೆ ಹೋಗಿರುತ್ತದೆ. ಇತ್ತ ಗಾಡಿಯ ತೂಕದಲ್ಲಿ ಮನೆಗಳಿಗೆ ಸಂಬಂಧವೇ ಇಲ್ಲದ ಖಾನಾವಳಿಯ ಎಂಜಲು, ತರಕಾರಿ ಸಂತೆಯ ಕೊಳೆ ಸೇರಿರುತ್ತದೆ. ಹಾಗಾಗಿ ಎರಡು ಕಡೆಯಿಂದ ತೂಗಬೇಕು. ಮನೆಯ ಬಾಗಿಲಲ್ಲಿ ಒಮ್ಮೆ, ಗಾಡಿ ತುಂಬಿದ ಮೇಲೆ ಒಮ್ಮೆ. ಎರಡನ್ನೂ ಒಂದೇ ಎಕ್ಸೆಲ್ ಕಡತದಲ್ಲಿ ಇಟ್ಟು, ಎರಡರ ನಡುವಿನ ಅಂತರವನ್ನು ವಾರ್ಡುವಾರು ಓದಬೇಕು. ಲೆಕ್ಕದ ನಿಜವಾದ ಫಲ ಇರುವುದು ಆ ಅಂತರದಲ್ಲಿ.

ಕಡತಕ್ಕೆ ನಾಲ್ಕು ಹಾಳೆ ಸಾಕು. ಮನೆಗಳ ತೂಕಕ್ಕೆ `Mane`, ಗಾಡಿಗಳ ತೂಕಕ್ಕೆ `Gadi`, ತಲೆವಾರು ದರಕ್ಕೆ `Dara`, ಕೊನೆಯ ಲೆಕ್ಕಕ್ಕೆ `Ward`.

ಮನೆ ಬಾಗಿಲಲ್ಲಿ

ಮೊದಲ ಪ್ರಶ್ನೆ: ಎಷ್ಟು ಮನೆ ತೂಗಬೇಕು? ಪ್ರತಿ ವಾರ್ಡಿನಲ್ಲೂ ನಂಬಬಹುದಾದ ಸರಾಸರಿ ಬೇಕೆಂದರೆ ವಾರ್ಡಿಗೆ ಮೂವತ್ತು ಮನೆಯಾದರೂ ಬೇಕು. 23 ವಾರ್ಡಿಗೆ ಅದು 690 ಮನೆ ಆಗುತ್ತದೆ. ಸಣ್ಣ ಪುರಸಭೆಯ ಕೈಯಲ್ಲಿ ಆಗದ ಮಾತು. ಇದಕ್ಕೊಂದು ಸುಲಭ ದಾರಿಯಿದೆ. ಮನೆಯ ಕಸ ವಾರ್ಡಿನ ನಂಬರನ್ನು ನೋಡಿ ಬದಲಾಗುವುದಿಲ್ಲ, ಮನೆಯ ಬಗೆಯನ್ನು ನೋಡಿ ಬದಲಾಗುತ್ತದೆ. ಆದ್ದರಿಂದ ಊರಿನ ಮನೆಗಳನ್ನು ಮೂರು ಬಗೆ ಮಾಡಿ, ಬಗೆಗೆ ಮೂವತ್ತರಂತೆ ತೊಂಬತ್ತು ಮನೆ ತೂಗಿದರೆ ಆಯಿತು. ವಿಶ್ವಸಂಸ್ಥೆಯ ಹ್ಯಾಬಿಟಾಟ್ ನಗರಗಳಿಗಾಗಿ ರೂಪಿಸಿರುವ ಕಸದ ಸಮೀಕ್ಷೆಯ ಕ್ರಮದಲ್ಲೂ ತೊಂಬತ್ತೇ ಮನೆ. ಅಲ್ಲಿ ಆದಾಯ ನೋಡಿ ಮೂರು ಗುಂಪು ಮಾಡುತ್ತಾರೆ.

ಬಾಗೇವಾಡಿಯಂಥ ಊರಿನಲ್ಲಿ ಆದಾಯಕ್ಕಿಂತ ಓಣಿಯನ್ನು ನೋಡಿ ಬಗೆ ಮಾಡುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಹಳೆ ಊರಿನ ಮನೆಗಳು A ಬಗೆ. ಇಲ್ಲಿ ಎಷ್ಟೋ ಮನೆಯಲ್ಲಿ ಎಮ್ಮೆ, ಆಕಳು ಇರುತ್ತವೆ. ಉಳಿದ ರೊಟ್ಟಿ, ಕಾಯಿಪಲ್ಲೆಯ ಸಿಪ್ಪೆ ಮುಸುರಿಯೊಂದಿಗೆ ದನದ ಬಾಯಿಗೆ ಹೋಗುತ್ತದೆ, ಗಾಡಿಗೆ ಬರುವುದಿಲ್ಲ. ಆದರೆ ಅಂಗಳ ಗುಡಿಸಿದ ಮಣ್ಣು, ಒಲೆಯ ಬೂದಿ ಬರುತ್ತವೆ, ಅವೆರಡೂ ತೂಕದ ಪದಾರ್ಥ. ಹೊಸ ಬಡಾವಣೆಯ ಮನೆಗಳು B. ಗ್ಯಾಸ್ ಒಲೆ, ದನವಿಲ್ಲ, ಪ್ಯಾಕೆಟ್ ಸಾಮಾನು ಹೆಚ್ಚು, ಮಕ್ಕಳ ಡೈಪರ್ ಸೇರಿ ಎಲ್ಲವೂ ಗಾಡಿಗೇ. ಆಶ್ರಯ ಮನೆಗಳು, ಕೊಳಚೆ ಪ್ರದೇಶದ ಮನೆಗಳು C. ಬಗೆ ಮಾಡುವಾಗ ಹೆಚ್ಚು ಸೂಕ್ಷ್ಮಕ್ಕೆ ಹೋಗಬಾರದು. ಐದು ಬಗೆ ಮಾಡಿದರೆ ನೂರೈವತ್ತು ಮನೆ ತೂಗಬೇಕಾಗುತ್ತದೆ.

ಮನೆ ಆರಿಸುವಾಗ ಪರಿಚಯದವರ, ಸಹಕರಿಸುವವರ ಬಾಗಿಲಿಗೇ ಹೋಗುವ ಆಸೆಯನ್ನು ಬಿಡಬೇಕು. ಅಂಥವರು ಕಸ ಬೇರ್ಪಡಿಸುವವರೂ ಆಗಿರುತ್ತಾರೆ, ಸರಾಸರಿ ವಾಲುತ್ತದೆ. ಓಣಿಯ ಮೊದಲ ಹತ್ತು ಮನೆಗಳಲ್ಲಿ ಒಂದನ್ನು ಚೀಟಿ ಎತ್ತಿ, ಅಲ್ಲಿಂದ ಪ್ರತಿ ಹತ್ತನೆಯ ಬಾಗಿಲು ಹಿಡಿಯುವುದು ಸರಿಯಾದ ಕ್ರಮ. ಪ್ರತಿ ಮನೆಗೆ ಹಸಿ ಕಸಕ್ಕೊಂದು, ಒಣ ಕಸಕ್ಕೊಂದು ಚೀಲ ಕೊಟ್ಟು, ಎಂಟು ದಿನ ಒಂದೇ ಹೊತ್ತಿಗೆ ಹೋಗಿ ಕೈಯಲ್ಲಿ ಹಿಡಿದು ತೂಗುವ ಡಿಜಿಟಲ್ ತಕ್ಕಡಿಯಲ್ಲಿ ತೂಗಬೇಕು. ಮೊದಲ ದಿನದ ತೂಕವನ್ನು ಲೆಕ್ಕಕ್ಕೆ ಹಿಡಿಯಬಾರದು. ಆ ದಿನದ ಚೀಲದಲ್ಲಿ ಎರಡು ಮೂರು ದಿನದ ಹಳೆ ಕಸ ಇರುತ್ತದೆ. “ನೀವು ಬರ್ತೀರಂತ ಮನೀ ಎಲ್ಲಾ ಬಳದ ಇಟ್ಟೀವ್ರೀ” ಎನ್ನುವ ಮನೆಗಳೂ ಇರುತ್ತವೆ. ಉಳಿದ ಏಳು ದಿನಗಳಲ್ಲಿ ಸಂತೆಯ ದಿನ, ಭಾನುವಾರ ಎರಡೂ ಬಂದುಬಿಡುತ್ತವೆ.

`Mane` ಹಾಳೆಯಲ್ಲಿ, ಮೊದಲ ದಿನವನ್ನು ಬಿಟ್ಟು, ಒಂದು ಮನೆಯ ಒಂದು ದಿನಕ್ಕೆ ಒಂದು ಸಾಲು. A ದಿನಾಂಕ, B ವಾರ್ಡ್, C ಮನೆಯ ಬಗೆ, D ಮನೆಯ ಗುರುತು, E ಆ ದಿನ ಮನೆಯಲ್ಲಿದ್ದ ಜನ, F ಹಸಿ ಕಸ, G ಒಣ ಕಸ, H ಒಟ್ಟು (`=F2+G2`). ಮನೆಯ ಗುರುತಿನಲ್ಲಿ ಯಜಮಾನರ ಹೆಸರು ಬೇಡ, `A07` ಎಂಬಂಥ ಸಂಖ್ಯೆ ಸಾಕು. ಎಲ್ಲ ತೂಕವೂ ಕೆಜಿಯಲ್ಲೇ ಇರಬೇಕು. ಒಬ್ಬರು 850 ಎಂದೂ ಇನ್ನೊಬ್ಬರು 0.85 ಎಂದೂ ಬರೆದರೆ ಒಂದೇ ಸಾಲು ಇಡೀ ಹಾಳೆಯನ್ನು ಕೆಡಿಸುತ್ತದೆ. ದಿನದ ಕೊನೆಗೆ H ಕಂಬವನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ನೋಡಿದರೆ ಇಂಥ ತಪ್ಪು ಮೇಲೆಯೇ ಕಾಣುತ್ತದೆ.

ಇನ್ನು ತಲೆವಾರು ದರ. ಇಲ್ಲಿ ಬಹಳ ಮಂದಿ ಪ್ರತಿ ಮನೆಯ ತಲೆವಾರು ಸರಾಸರಿ ತೆಗೆದು, ಆ ಸರಾಸರಿಗಳಿಗೆ ಮತ್ತೆ ಸರಾಸರಿ ಹಾಕುತ್ತಾರೆ. ಎರಡೇ ಮನೆ ಇಟ್ಟುಕೊಂಡು ನೋಡೋಣ. ಇಬ್ಬರಿರುವ ಮನೆಯಲ್ಲಿ 0.9 ಕೆಜಿ, ತಲೆಗೆ 0.45. ಒಂಬತ್ತು ಜನರ ಮನೆಯಲ್ಲಿ 1.8 ಕೆಜಿ, ತಲೆಗೆ 0.20. ಸರಾಸರಿಗಳ ಸರಾಸರಿ 0.325 ಬರುತ್ತದೆ. ಆದರೆ ಎರಡೂ ಮನೆಯ ಕಸ 2.7 ಕೆಜಿ, ಜನ ಹನ್ನೊಂದು, ಹಂಚಿದರೆ ತಲೆಗೆ 0.245 ಮಾತ್ರ. ಮೊದಲ ಕ್ರಮದಲ್ಲಿ ಇಬ್ಬರ ಮನೆಗೆ ಒಂಬತ್ತು ಜನರ ಮನೆಯಷ್ಟೇ ಬೆಲೆ ಸಿಕ್ಕಿ ಉತ್ತರ ಮೂರರಲ್ಲೊಂದು ಪಾಲು ಉಬ್ಬಿಬಿಟ್ಟಿತು. ಕೂಡು ಕುಟುಂಬಗಳು ಇನ್ನೂ ಇರುವ ನಮ್ಮ ಭಾಗದಲ್ಲಿ ಇದು ಸಣ್ಣ ತಪ್ಪಲ್ಲ. ಹಾಗಾಗಿ `Dara` ಹಾಳೆಯ B3 ಕೋಶದಲ್ಲಿ A ಬಗೆಗೆ ಬರೆಯಬೇಕಾದದ್ದು ಇದು:

```
=SUMIFS(Mane!H:H,Mane!C:C,"A")/SUMIFS(Mane!E:E,Mane!C:C,"A")
```

ಮೇಲೆ ಆ ಬಗೆಯ ಎಲ್ಲ ಮನೆಗಳ ಏಳು ದಿನದ ಕಸ, ಕೆಳಗೆ ಅದೇ ಏಳು ದಿನದ ಒಟ್ಟು ತಲೆಗಳು. C3, D3 ಕೋಶಗಳಲ್ಲಿ "B", "C" ಎಂದು ಬದಲಿಸಿದರಾಯಿತು. B2ರಿಂದ D2ರವರೆಗೆ ಆಯಾ ಬಗೆಯ ಮನೆಗೆ ಸರಾಸರಿ ಎಷ್ಟು ಜನ ಎಂಬುದನ್ನು ಇಡಬೇಕು.

ಈ ಸೂತ್ರಕ್ಕೆ ಇನ್ನೊಂದು ಗುಣವಿದೆ. ಮನೆಗೆ ಬೀಗ ಹಾಕಿ ಎಲ್ಲರೂ ಊರಿಗೆ ಹೋಗಿದ್ದರೆ ಆ ದಿನ E ಕೋಶವನ್ನು ಖಾಲಿ ಬಿಡಬೇಕು. ಆಗ ಮೇಲೂ ಕೆಳಗೂ ಏನೂ ಸೇರುವುದಿಲ್ಲ. ಜನ ಮನೆಯಲ್ಲೇ ಇದ್ದು ಚೀಲ ಕೊಡುವುದನ್ನು ಮರೆತಿದ್ದರೆ E ಕೋಶದಲ್ಲಿ ಜನರನ್ನು ಬರೆದು ತೂಕ ಸೊನ್ನೆ ಇಡಬೇಕು. ಮರುದಿನ ಎರಡು ದಿನದ ಕಸ ಒಟ್ಟಿಗೆ ಬಂದು ಲೆಕ್ಕ ತಾನೇ ಸರಿಯಾಗುತ್ತದೆ. ತೂಗುವವರಿಗೆ ಮೊದಲೇ ಹೇಳಿಕೊಡಬೇಕಾದ ಮುಖ್ಯ ಮಾತು ಇದೇ: ಬೀಗವಿದ್ದರೆ ಖಾಲಿ, ಕೊಡದಿದ್ದರೆ ಸೊನ್ನೆ.

ಬಂದ ದರ ಎಷ್ಟು ಗಟ್ಟಿ ಎಂದು ತಿಳಿಯಲು, ಪ್ರತಿ ಮನೆಯ ಏಳು ದಿನದ ತಲೆವಾರು ಸರಾಸರಿಯನ್ನು ಪಕ್ಕದಲ್ಲೊಂದು ಕಂಬದಲ್ಲಿ ಇಟ್ಟು, ಉದಾಹರಣೆಗೆ `K2:K31`ರಲ್ಲಿ, ಹೀಗೆ ಬರೆಯಬೇಕು:

```
=1.96*STDEV.S(K2:K31)/SQRT(COUNT(K2:K31))
```

ಮನೆ ಮನೆಗೆ ವ್ಯತ್ಯಾಸ 0.12 ಕೆಜಿಯ ಆಸುಪಾಸು ಇದ್ದರೆ, ಮೂವತ್ತು ಮನೆಗೆ ಇದು 0.043 ತೋರಿಸುತ್ತದೆ. ಅಂದರೆ 0.25 ಎಂದು ಬಂದ ದರ ಹೆಚ್ಚುಕಡಿಮೆ 0.21ರಿಂದ 0.29ರ ನಡುವೆ ಎಲ್ಲಾದರೂ ಇರಬಹುದು. ತಲೆಗೆ 253.7 ಗ್ರಾಂ ಎಂದು ವರದಿಯಲ್ಲಿ ಬರೆಯುವವರು ಈ ಕೋಶವನ್ನು ಒಮ್ಮೆ ನೋಡಬೇಕು.

ಗಾಡಿಯ ತೂಕ

ಮನೆ ತೂಗುವ ವಾರವೇ ಗಾಡಿಗಳನ್ನೂ ತೂಗಬೇಕು. ಬಾಗೇವಾಡಿ ಸುತ್ತ ಕಬ್ಬು, ಉಳ್ಳಾಗಡ್ಡಿ, ಧಾನ್ಯದ ಗಾಡಿಗಳನ್ನು ತೂಗುವ ಖಾಸಗಿ ವೇಬ್ರಿಜ್‌ಗಳಲ್ಲಿ ಒಂದು ವಾರದ ಮಟ್ಟಿಗೆ ಕೇಳಿಕೊಳ್ಳಬಹುದು. `Gadi` ಹಾಳೆಯಲ್ಲಿ A ದಿನಾಂಕ, B ಗಾಡಿ, C ವಾರ್ಡ್, D ತುಂಬಿದ ತೂಕ, E ಖಾಲಿ ತೂಕ, F ಪಾಲು, G ಎಲ್ಲಿಂದ ಬಂದ ಕಸ, H ನಿವ್ವಳ ತೂಕ: `=(D2-E2)*F2`.

ಪಾಲು ಎಂಬ ಕಂಬ ಯಾಕೆಂದರೆ, ಟಿಪ್ಪರಿಗೆ ವಾರ್ಡಿನ ಗಡಿ ಗೊತ್ತಿಲ್ಲ. ಒಂದು ವಾರ್ಡ್ ಮುಗಿದು ಜಾಗ ಉಳಿದರೆ ಪಕ್ಕದ ವಾರ್ಡಿನಲ್ಲಿ ತುಂಬಿಕೊಂಡೇ ಘಟಕಕ್ಕೆ ಹೋಗುತ್ತದೆ. ಹಾಗೆ ಎರಡು ವಾರ್ಡ್ ಸೇರಿದ ಟ್ರಿಪ್ಪಿಗೆ ಎರಡು ಸಾಲು ಬರೆದು, ಎಷ್ಟು ಮನೆಯ ಕಸ ಯಾವ ವಾರ್ಡಿನದು ಎಂಬುದರ ಮೇಲೆ 0.6, 0.4 ಎಂದು ಹಂಚಬೇಕು. ಒಂದು ಟ್ರಿಪ್ಪಿನ ಪಾಲುಗಳು ಕೂಡಿ ಒಂದೇ ಆಗಬೇಕು. ಆಗದಿದ್ದರೆ ಇಲ್ಲದ ಕಸ ಹುಟ್ಟುತ್ತದೆ, ಇಲ್ಲವೇ ಇದ್ದ ಕಸ ಮಾಯವಾಗುತ್ತದೆ. ಸಾಧ್ಯವಿದ್ದರೆ ಆ ಒಂದು ವಾರ ವಾರ್ಡ್ ಮುಗಿದೊಡನೆ ಗಾಡಿ ತೂಕಕ್ಕೆ ಹೋಗುವಂತೆ ಮಾಡುವುದೇ ಒಳ್ಳೆಯದು. ಡೀಸೆಲ್ ಸ್ವಲ್ಪ ಹೆಚ್ಚು ಹೋದರೂ ಲೆಕ್ಕ ನಿಚ್ಚಳವಾಗುತ್ತದೆ.

ಖಾಲಿ ತೂಕದಲ್ಲಿ ಆಗುವ ತಪ್ಪು ಕಣ್ಣಿಗೆ ಬೀಳುವುದಿಲ್ಲ. ತುಂಬಿದ ಗಾಡಿ ವೇಬ್ರಿಜ್ ಹತ್ತಿದಾಗ ಚಾಲಕನೊಂದಿಗೆ ಇಬ್ಬರು ಸಹಾಯಕರೂ ಮೇಲಿರುತ್ತಾರೆ. ಕಸ ಸುರಿದು ಬರುವಾಗ ಆ ಇಬ್ಬರು ಚಹಾಕ್ಕೆ ಇಳಿದಿರುತ್ತಾರೆ. ಇಬ್ಬರ 120 ಕೆಜಿ ನೇರವಾಗಿ ಕಸದ ತೂಕಕ್ಕೆ ಸೇರಿತು. 600 ಕೆಜಿಯ ಟ್ರಿಪ್ಪಿನಲ್ಲಿ ಅದು ಐದರಲ್ಲೊಂದು ಪಾಲು. ಗಾಡಿಯ ಪುಸ್ತಕದಲ್ಲಿ ಬರೆದ ಖಾಲಿ ತೂಕವನ್ನು ಎಲ್ಲ ದಿನಕ್ಕೂ ಬಳಸುವುದೂ ಇಂಥದ್ದೇ. ಆಮೇಲೆ ಕಟ್ಟಿಸಿದ ಕಬ್ಬಿಣದ ಜಾಲರಿ, ತಳದಲ್ಲಿ ಅಂಟಿಕೊಂಡ ಕೆಸರು ಆ ಪುಸ್ತಕದಲ್ಲಿ ಇರುವುದಿಲ್ಲ. ದಿನಕ್ಕೊಮ್ಮೆಯಾದರೂ ಖಾಲಿ ಗಾಡಿಯನ್ನು ತೂಗಿ, ಎರಡೂ ಸಲ ಚಾಲಕನೊಬ್ಬನೇ ಇರುವಂತೆ ನೋಡಿಕೊಂಡರೆ ಈ ತಪ್ಪು ಹೋಗುತ್ತದೆ.

ಚರಂಡಿಯ ಹೂಳನ್ನೂ ಮನೆ ಕೆಡವಿದ ಇಟ್ಟಿಗೆ ಮಣ್ಣನ್ನೂ ಈ ಹಾಳೆಯಲ್ಲಿ ಸೇರಿಸಲೇಬಾರದು. ಒಂದು ಟ್ರ್ಯಾಕ್ಟರ್ ಹಸಿ ಹೂಳು ಒಂದು ವಾರ್ಡಿನ ಹಲವು ದಿನದ ಮನೆಕಸದಷ್ಟು ತೂಗುತ್ತದೆ. G ಕಂಬದಲ್ಲಿ ಅದನ್ನು ಗುರುತಿಸಿ ಬೇರೆ ಹಾಳೆಗೆ ಕಳಿಸಬೇಕು. ವೇಬ್ರಿಜ್ ಸಿಗದ ಕಡೆ, ಮೂರು ನಾಲ್ಕು ಟ್ರಿಪ್ಪನ್ನಾದರೂ ಎಲ್ಲಾದರೂ ತೂಗಿಸಿ, ಡಬ್ಬಿ ಎಷ್ಟು ತುಂಬಿದಾಗ ಎಷ್ಟು ತೂಕ ಎಂಬುದನ್ನು ತಿಳಿದುಕೊಂಡು, ಉಳಿದ ಟ್ರಿಪ್ಪುಗಳಿಗೆ ತುಂಬಿದ ಮಟ್ಟ ನೋಡಿ ಅಂದಾಜು ಹಾಕಬಹುದು. ಮಳೆಗಾಲದ ಹಸಿ ಕಸಕ್ಕೂ ಬೇಸಿಗೆಯ ಒಣ ಕಸಕ್ಕೂ ಒಂದೇ ಅಂದಾಜು ನಡೆಯುವುದಿಲ್ಲ ಎಂಬುದು ನೆನಪಿರಲಿ.

ಎರಡು ವಾರ್ಡ್, ಒಂದೇ ಹಾಳೆ

ಈಗ `Ward` ಹಾಳೆ. A ವಾರ್ಡಿನ ನಂಬರು. B, C, D ಕಂಬಗಳಲ್ಲಿ ಆ ವಾರ್ಡಿನಲ್ಲಿ A, B, C ಬಗೆಯ ಮನೆ ಎಷ್ಟೆಷ್ಟು ಎಂಬುದು. ಇದನ್ನು ಪುರಸಭೆಯ ಆಸ್ತಿ ತೆರಿಗೆಯ ದಾಖಲೆಯಿಂದ ತೆಗೆದು, ಓಣಿ ಬಲ್ಲ ದಫೇದಾರರೊಂದಿಗೆ ಕುಳಿತು ಬಗೆ ಹಚ್ಚಬೇಕು. ಒಂದು ಖಾತೆ ಎಂದರೆ ಒಂದೇ ಒಲೆ ಎಂದಲ್ಲ. ಬಾಡಿಗೆಗೆ ಕೊಟ್ಟ ಮನೆಯಲ್ಲಿ ಮೂರು ಕುಟುಂಬ ಇರಬಹುದು, ಖಾಲಿ ನಿವೇಶನಕ್ಕೂ ತೆರಿಗೆ ಬರುತ್ತದೆ. 2011ರ ಗಣತಿಯ ವಾರ್ಡಿನ ಗಡಿಯೂ ಈಗಿನ ಚುನಾವಣೆಯ ವಾರ್ಡಿನ ಗಡಿಯೂ ಒಂದೇ ಎಂದು ತಿಳಿದು ಹಳೆಯ ಜನಸಂಖ್ಯೆಯನ್ನು ಅಂಟಿಸುವುದೂ ಅಪಾಯ. ಜನಸಂಖ್ಯೆ ಹೀಗೆ ಬರುತ್ತದೆ:

```
=SUMPRODUCT(B2:D2,Dara!$B$2:$D$2)
```

ಮನೆಗಳ ಕಸ ಹೀಗೆ:

```
=SUMPRODUCT(B2:D2,Dara!$B$2:$D$2,Dara!$B$3:$D$3)
```

23 ವಾರ್ಡಿನ ಜನಸಂಖ್ಯೆ ಕೂಡಿಸಿದಾಗ ಮೇಲೆ ಅಂದಾಜಿಸಿದ 41,700ರ ಹತ್ತಿರ ಬರಬೇಕು. 36,000 ಬಂದರೆ ತೆರಿಗೆ ದಾಖಲೆಗೆ ಸೇರದ ಮನೆಗಳಿವೆ ಎಂದು ಅನುಮಾನಿಸಬೇಕು. ಅವು ಸಾಮಾನ್ಯವಾಗಿ ಊರಿನ ಅಂಚಿನ ಹೊಸ ಪ್ಲಾಟುಗಳಲ್ಲಿ ಇರುತ್ತವೆ.

ಲೆಕ್ಕದ ನಡೆ ತಿಳಿಯಲು ಎರಡು ವಾರ್ಡ್ ಕಲ್ಪಿಸಿಕೊಳ್ಳೋಣ. ಮುಂದಿನ ಸಂಖ್ಯೆಗಳೆಲ್ಲ ಉದಾಹರಣೆಗೆ ಹಿಡಿದವು, ಸಮೀಕ್ಷೆಯ ಫಲವಲ್ಲ. A ಬಗೆಯ ಮನೆಗೆ 5.2 ಜನ, ತಲೆಗೆ 0.19 ಕೆಜಿ. B ಬಗೆಗೆ 4.5 ಜನ, 0.31 ಕೆಜಿ. C ಬಗೆಗೆ 5 ಜನ, 0.16 ಕೆಜಿ.

ಮೊದಲನೆಯದು ಹಳೆ ಊರಿನ ವಾರ್ಡ್. A ಬಗೆಯ 280 ಮನೆ, B ಬಗೆಯ 40, C ಬಗೆಯ 50. ಜನ 1,886, ಮನೆಗಳ ಕಸ 372 ಕೆಜಿ. ಕಿರಾಣಿ, ಚಹಾದಂಗಡಿ ಸೇರಿ ಇನ್ನೊಂದು 25 ಕೆಜಿ. ಹುಟ್ಟಿದ್ದು 397 ಕೆಜಿ. ಎರಡನೆಯದು ಬಸ್‌ನಿಲ್ದಾಣ, ಪೇಟೆ ಇರುವ ವಾರ್ಡ್. A 60, B 220, C 40. ಜನ 1,502, ಮನೆಗಳ ಕಸ 398 ಕೆಜಿ. ಇಲ್ಲಿ 30 ಹೋಟೆಲು–ಖಾನಾವಳಿ, ಒಂದೊಂದಕ್ಕೆ 9 ಕೆಜಿಯಂತೆ 270. ಅಂಗಡಿ 180, ಒಂದೊಂದಕ್ಕೆ 0.8ರಂತೆ 144. ಕಾಯಿಪಲ್ಲೆ ಮಾರುಕಟ್ಟೆಯಿಂದ 260. ಹುಟ್ಟಿದ್ದು ಒಟ್ಟು 1,072 ಕೆಜಿ. ಹೋಟೆಲು, ಅಂಗಡಿಗಳ ದರವನ್ನೂ ಮನೆಗಳಂತೆಯೇ ಹತ್ತಿಪ್ಪತ್ತು ಕಡೆ ವಾರವಿಡೀ ತೂಗಿ ತೆಗೆಯಬೇಕು. ದಿನಕ್ಕೆ 100 ಕೆಜಿ ದಾಟುವ ದೊಡ್ಡ ಜಾಗಗಳಿದ್ದರೆ ಅವಕ್ಕೆ ಸರಾಸರಿ ಹಾಕದೆ ಒಂದೊಂದನ್ನೂ ಬೇರೆ ತೂಗಬೇಕು. 2016ರ ಘನತ್ಯಾಜ್ಯ ನಿಯಮಗಳು ಭಾರಿ ಪ್ರಮಾಣದ ತ್ಯಾಜ್ಯ ಉತ್ಪಾದಕರು ಎಂದು ಕರೆದದ್ದು ಇಂಥವರನ್ನೇ.

ಇನ್ನು ಎತ್ತಿದ ಕಸ:

```
=SUMIFS(Gadi!H:H,Gadi!C:C,A2)/7
```

ಗಾಡಿ ವಾರಕ್ಕೊಂದು ದಿನ ಬರದಿದ್ದರೂ ಏಳರಿಂದಲೇ ಭಾಗಿಸಬೇಕು. ರಜೆಯ ದಿನದ ಕಸ ಮರುದಿನದ ಗಾಡಿಯಲ್ಲಿ ಇರುತ್ತದೆ. ಹಳೆ ಊರಿನ ವಾರ್ಡಿಗೆ ಇದು 260 ಕೆಜಿ, ಪೇಟೆಯ ವಾರ್ಡಿಗೆ 1,010 ಕೆಜಿ ಬಂತು ಎಂದಿಟ್ಟುಕೊಳ್ಳೋಣ.

ಗಾಡಿಯ ತೂಕವನ್ನು ಜನಸಂಖ್ಯೆಯಿಂದ ಭಾಗಿಸುವ ಹಳೆ ಕ್ರಮದಲ್ಲಿ ಹಳೆ ಊರಿನವರು ತಲೆಗೆ 138 ಗ್ರಾಂ, ಪೇಟೆಯವರು 672 ಗ್ರಾಂ ಕಸ ಮಾಡುತ್ತಾರೆ. ಹೆಚ್ಚುಕಡಿಮೆ ಐದು ಪಟ್ಟು. ಅದನ್ನು ನಂಬಿದರೆ ಪೇಟೆಯ ವಾರ್ಡಿನ ಮನೆಗಳಿಗೆ ಜಾಗೃತಿ ಕರಪತ್ರ ಹಂಚಲು ಹೊರಡುತ್ತೇವೆ, ಹಳೆ ಊರಿನ ಗಾಡಿಯ ಒಂದು ಟ್ರಿಪ್ ಕಡಿಮೆ ಮಾಡುತ್ತೇವೆ. ಎರಡೂ ಉಲ್ಟಾ ಕೆಲಸ. ಮನೆಯ ಕಡೆಯಿಂದ ನೋಡಿದರೆ ಇಬ್ಬರಿಗೂ ಇರುವ ವ್ಯತ್ಯಾಸ 197 ಗ್ರಾಂಗೂ 265 ಗ್ರಾಂಗೂ ಇರುವಷ್ಟೇ. ಪೇಟೆಯ ವಾರ್ಡಿನಲ್ಲಿ ಹೆಚ್ಚಿರುವುದು ಹೋಟೆಲು–ಮಾರುಕಟ್ಟೆಯ ಹಸಿ ಕಸ. ಅದನ್ನು ಬೇರೆ ಹೊತ್ತಿಗೆ, ಬೇರೆ ಗಾಡಿಯಲ್ಲಿ ನೇರ ಗೊಬ್ಬರಕ್ಕೆ ಒಯ್ಯಬಹುದು. ಅಲ್ಲಿ ಹುಟ್ಟಿದ ಕಸದಲ್ಲಿ ನೂರಕ್ಕೆ 94 ಪಾಲು ಗಾಡಿಗೆ ಬರುತ್ತಿದೆ. ಹಳೆ ಊರಿನಲ್ಲಿ ನೂರಕ್ಕೆ 65 ಮಾತ್ರ. ಉಳಿದ 137 ಕೆಜಿ ದಿನವೂ ಬೇರೆಲ್ಲೋ ಹೋಗುತ್ತಿದೆ.

ಎಲ್ಲಿಗೆ ಎಂಬುದಕ್ಕೆ ಹಾಳೆಯಲ್ಲಿ ಉತ್ತರವಿಲ್ಲ, ಓಣಿಯಲ್ಲಿದೆ. ಅದಕ್ಕಾಗಿ `Mane` ಹಾಳೆಗೆ I ಕಂಬವೊಂದನ್ನು ಸೇರಿಸಿ, ಸಮೀಕ್ಷೆಯ ಕೊನೆಯ ದಿನ “ಗಾಡಿ ಬರಲಿಲ್ಲಂದ್ರ ಕಸಾ ಎಲ್ಲಿ ಹಾಕ್ತೀರಿ?” ಎಂದು ಕೇಳಿ ಬರೆದುಕೊಳ್ಳಬೇಕು. ಆ ಪ್ರಶ್ನೆಯನ್ನು ಮೊದಲ ದಿನವೇ ಕೇಳಿದರೆ ಜನ ಎಚ್ಚರಗೊಂಡು ಚೀಲಕ್ಕೆ ಎಲ್ಲವನ್ನೂ ಹಾಕತೊಡಗುತ್ತಾರೆ. ತಿಪ್ಪೆ ಎಂದವರು ಹೆಚ್ಚಿದ್ದರೆ ಅದರಲ್ಲಿ ಸಗಣಿಯೊಂದಿಗೆ ಗೊಬ್ಬರವಾಗಿ ಹೊಲಕ್ಕೆ ಹೋಗುವ ಪಾಲು ಇರುತ್ತದೆ. ಅದು ಪುರಸಭೆ ಎತ್ತಲೇಬೇಕಾದ ಕಸವಲ್ಲ, ಪ್ಲಾಸ್ಟಿಕ್ ಬೆರೆಯದಂತೆ ನೋಡಿಕೊಂಡರೆ ಸಾಕು. ಹಳ್ಳ ಎಂದವರು ಹೆಚ್ಚಿದ್ದರೆ ಗಾಡಿ ಓಣಿಯೊಳಗೆ ತಿರುಗಲಾಗದೆ ಬೀದಿಯ ತುದಿಯಲ್ಲೇ ನಿಲ್ಲುತ್ತಿದೆಯೇ, ಹೆಣ್ಣುಮಕ್ಕಳು ಕೂಲಿಗೆ ಹೋದ ಮೇಲೆ ಬರುತ್ತಿದೆಯೇ ಎಂದು ನೋಡಬೇಕು. ಅಂಥ ಓಣಿಗೆ ದೊಡ್ಡ ಟಿಪ್ಪರಿಗಿಂತ ತಳ್ಳುಗಾಡಿ ಲೇಸು.

ಎತ್ತಿದ ಪಾಲು ನೂರನ್ನು ದಾಟುವುದೂ ಉಂಟು. ಹುಟ್ಟಿದ್ದಕ್ಕಿಂತ ಎತ್ತಿದ್ದೇ ಹೆಚ್ಚು ಎಂದು ಹಾಳೆ ತೋರಿಸಿದರೆ, ಹೂಳು ಸೇರಿದೆ, ಪಾಲು ತಪ್ಪಿದೆ, ಇಲ್ಲವೇ ಬೀದಿ ಗುಡಿಸಿದ ಮಣ್ಣು ಮನೆಕಸದ ಗಾಡಿಗೇ ಬೀಳುತ್ತಿದೆ ಎಂದು ತಿಳಿಯಬೇಕು. ಇಡೀ ಊರಿನ ತಲೆವಾರು ಅಂಕಿ, ಅಂಗಡಿಗಳನ್ನು ಸೇರಿಸಿಯೂ, 200–300 ಗ್ರಾಂ ಪಟ್ಟಿಯಿಂದ ಬಹಳ ಆಚೆ ಬಂದರೂ ಇವನ್ನೇ ಮೊದಲು ಹುಡುಕಬೇಕು.

ಒಂದು ವಾರದ ತೂಕ ವರ್ಷದ ತೂಕವಾಗುವುದಿಲ್ಲ. ಬೇಸಿಗೆಯಲ್ಲಿ ಕಲ್ಲಂಗಡಿ ಸಿಪ್ಪೆ, ಮಳೆಗಾಲದಲ್ಲಿ ನೀರು ಕುಡಿದ ಕಸ, ತೊಗರಿ ರಾಶಿಯ ಕಾಲಕ್ಕೆ ಒಲೆಗೆ ತೊಗರಿ ಕಟ್ಟಿಗೆ ಬಂದು ಹೆಚ್ಚುವ ಬೂದಿ. ಬೇಸಿಗೆ, ಮಳೆ, ಸುಗ್ಗಿ ಎಂದು ಮೂರು ವಾರ ತೂಗಿದರೆ ವರ್ಷದ ಸರಾಸರಿ ಕೈಗೆ ಸಿಗುತ್ತದೆ. ಅಷ್ಟಾಗದಿದ್ದರೆ ತೂಗಿದ ತಿಂಗಳನ್ನಾದರೂ ಹಾಳೆಯ ತಲೆಯ ಮೇಲೆ ಬರೆದಿಡಬೇಕು. ಜಾತ್ರೆಯ ಲೆಕ್ಕ ಮಾತ್ರ ಯಾವತ್ತೂ ಬೇರೆ. ಶ್ರಾವಣದಲ್ಲಿ ಮೂಲ ನಂದೀಶ್ವರನ ಜಾತ್ರೆಗೆ, ಬಸವ ಜಯಂತಿಗೆ ಬರುವ ಮಂದಿ ಬಾಗೇವಾಡಿಯ ಜನಸಂಖ್ಯೆಯಲ್ಲಿ ಇಲ್ಲ. ಆ ದಿನಗಳ ತೆಂಗಿನ ಚಿಪ್ಪು, ಹೂವು, ಊಟದ ಎಲೆ, ತಟ್ಟೆಗಳನ್ನು ದಿನದ ಸರಾಸರಿಗೆ ಬೆರೆಸಿದರೆ ವರ್ಷವಿಡೀ ಅಂಕಿ ಉಬ್ಬುತ್ತದೆ, ಜಾತ್ರೆಯ ದಿನಕ್ಕೆ ಮಾತ್ರ ಸಾಲುವುದಿಲ್ಲ. ಬೇರೆ ಸಾಲಿನಲ್ಲಿ ಇಟ್ಟರೆ ಬಾಡಿಗೆ ಗಾಡಿ ಎಷ್ಟು, ಎಷ್ಟು ದಿನಕ್ಕೆ ಬೇಕು ಎಂಬುದು ಸ್ಪಷ್ಟವಾಗುತ್ತದೆ. ಗೊಬ್ಬರದ ಗುಂಡಿಗೆ ಸರಾಸರಿ ಬೇಕು, ಗಾಡಿಗೆ ಹೆಚ್ಚಿನ ದಿನದ ಅಂಕಿ ಬೇಕು.

ಇಂಡಿ, ಸಿಂದಗಿ, ಮುದ್ದೇಬಿಹಾಳದವರು ಇದೇ ಕಡತವನ್ನು ಬಳಸಬಹುದು, ಆದರೆ `Dara` ಹಾಳೆಯ ಅಂಕಿಗಳನ್ನು ತಾವೇ ತೂಗಿ ತುಂಬಬೇಕು. ಇಂಡಿಯಲ್ಲಾದರೆ ನಿಂಬೆ ವ್ಯಾಪಾರದ ಕೊಳೆತ ಕಾಯಿಗೆ ಒಂದು ಬೇರೆ ಕಂಬವೇ ಬೇಕಾದೀತು. ಒಮ್ಮೆ ತೂಗಿದ ದರವನ್ನು ಮುಂದಿನ ಎರಡು ಮೂರು ವರ್ಷ, ವರ್ಷಕ್ಕೆ ನೂರಕ್ಕೆ 1ರಿಂದ 1.3ರಷ್ಟು ಏರಿಸಿಕೊಂಡು ಬಳಸಬಹುದು. ಹೊಸ ಗಣತಿಯ ಅಂಕಿ ಬಂದ ದಿನ ಮನೆಗೆ ಎಷ್ಟು ಜನ ಎಂಬ `Dara`ದ ಎರಡನೆಯ ಸಾಲನ್ನು ಮೊದಲು ತಿದ್ದಬೇಕು. ಅದೊಂದು ಸಾಲು ಬದಲಾದರೆ 23 ವಾರ್ಡಿನ ಲೆಕ್ಕವೂ ತಾನೇ ಬದಲಾಗುತ್ತದೆ.